ಏಳನೇ ನಂಬರಿನ ತೂತುಗಳು

ತೂತು ಹುಡುಕುವುದೇ ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ. ಮನೆಯಲ್ಲಿ ಇದನ್ನು ಹೇಳಿದರೆ ನಮ್ಮ ಯಜಮಾನರು, "ಅದು ನೀನು ಹುಟ್ಟಿದಾಗಿನಿಂದ ಮಾಡ್ತಿರೋ ಕೆಲಸ, ಅದಕ್ಕೊಂದು ಕುರ್ಚಿ ಬೇರೆ ಕೊಟ್ಟಿದಾರಾ?" ಅಂತಾರೆ. ಕೊಟ್ಟಿದ್ದಾರೆ. ಕಿಟಕಿ ಪಕ್ಕದ ಕುರ್ಚಿ, ಮುಂದೆ ಒಂದು ಸಣ್ಣ ಮೇಜು, ಮೇಜಿನ ಮೇಲೆ ದೀಪ. ಎಂಟು ಜನ ಹೆಂಗಸರು ಕೈಯಲ್ಲಿ ಹೆಣೆದ ಸ್ವೆಟರುಗಳೆಲ್ಲ ನನ್ನ ಮೇಜು ದಾಟಿಯೇ ಹೋಗಬೇಕು. ಹೆಗಲಿನ ಭಾಗ ಮುಗಿದಾಗ ಒಂದು ಸಲ, ಪೂರ್ತಿ ಮುಗಿದಾಗ ಇನ್ನೊಂದು ಸಲ. ಸರಿಯಾಗಿದ್ದರೆ ಚೀಟಿಗೆ ಸಹಿ ಹಾಕುತ್ತೇನೆ. ಇಲ್ಲದಿದ್ದರೆ ಬಿಚ್ಚು ಅಂತೀನಿ. ಮೇಡಂ ಅವರ ಸ್ವಂತ ತಂಗಿ ಮಗಳು ಹೆಣೆದದ್ದನ್ನೂ ಎರಡು ಸಲ ಬಿಚ್ಚಿಸಿದ್ದೇನೆ. ಆ ಹುಡುಗಿ ಆಮೇಲೆ ಈ ಕಡೆ ತಲೆ ಹಾಕಲಿಲ್ಲ, ಅದು ಬೇರೆ ವಿಷಯ.

ಮೇಡಂ ಅಂದರೆ ಈ ಕೆಲಸದ ಕೋಣೆಯ ಒಡತಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಆರ್ಡರ್ ತರುವುದರಲ್ಲಿ ಎತ್ತಿದ ಕೈ, ಹೆಣಿಗೆಯ ಕಡ್ಡಿ ಹಿಡಿಯುವುದರಲ್ಲಿ ಅಷ್ಟಕ್ಕಷ್ಟೇ. ಮುಗಿದ ಸ್ವೆಟರನ್ನು ದೂರದಿಂದ ನೋಡಿ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನಬಲ್ಲರು. ಯಾಕೆ ಚೆನ್ನಾಗಿಲ್ಲ ಅನ್ನುವುದಕ್ಕೆ ನನ್ನ ಕಡೆ ತಿರುಗುತ್ತಾರೆ. "ದೊಡ್ಡಮ್ಮ, ಏನಾಗಿದೆ ಇದಕ್ಕೆ?" ನಾನು ಹೇಳಿದ್ದೇ ಕೊನೆ ಮಾತು.

ನಾನು ದೊಡ್ಡಮ್ಮ ಆದರೆ, ಏಳನೇ ನಂಬರಿನ ಕುರ್ಚಿಯಲ್ಲಿ ಕೂರುವವಳು ಚಿಕ್ಕಮ್ಮ. ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ನಾನು ಅವಳನ್ನು ಚಿಕ್ಕಿ ಅಂತಲೇ ಕರೆಯುವುದು. ಮೂವತ್ತೊಂದು ವರ್ಷದಿಂದ ಒಂದೇ ಮನೆ, ಒಂದೇ ಅಡುಗೆಮನೆ, ಬೆಳಗ್ಗೆ ಒಂದೇ ಬಸ್ಸು. ಎಷ್ಟು ಜಗಳ ಆಡಿದ್ದೇವೆ ಅಂದರೆ ಈಗ ಜಗಳಕ್ಕೂ ಸುಸ್ತು. ಮೈದುನ ತೀರಿಕೊಂಡು ಆರು ವರ್ಷ ಆಯಿತು. ಆಮೇಲೆ ಅವಳು ನೆಟ್ಟಗೆ ಉಸಿರಾಡಿದ್ದು ಆ ಕುರ್ಚಿಯಲ್ಲಿ ಕೂತಾಗಲೇ. ಮನೆಯಲ್ಲಿ ಮಾತೇ ಇಲ್ಲದವಳು ಇಲ್ಲಿ ಕಡ್ಡಿ ಹಿಡಿದರೆ ಪಕ್ಕದವರನ್ನು ನಗಿಸುತ್ತಾಳೆ. ಆ ಎಂಟು ಜನರಲ್ಲಿ ಅವಳಷ್ಟು ನೀಟಾಗಿ ಹೆಣೆಯುವವರು ಯಾರೂ ಇಲ್ಲ. ಎದುರಿಗೆ ಮಾತ್ರ ನಾನು ಯಾವತ್ತೂ ಹೇಳಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾಳೆ.

ಈ ಸಲ ಬಂದ ಆರ್ಡರ್ ನಲವತ್ತು ಕಪ್ಪು ಸ್ವೆಟರು. ಗುಂಪಿನಲ್ಲಿ ನಿಂತು ಹಾಡುವ ಒಂದು ತಂಡದವರಿಗೆ. ಒಳಗೆ ಬಿಳಿ ಅಂಗಿ, ಮೇಲೆ ಕಪ್ಪು ಸ್ವೆಟರು, ಎದುರಿಂದ ಕಣ್ಣು ಕುಕ್ಕುವ ದೀಪ. ಅದನ್ನು ಕೇಳಿದ ಕೂಡಲೇ ನನಗೆ ಸಾಕಪ್ಪಾ ಸಾಕು ಅನ್ನಿಸಿತು. ಕಪ್ಪು ಉಲ್ಲನ್ನಿನಲ್ಲಿ ಒಂದು ಸಣ್ಣ ತೂತಿದ್ದರೂ ಒಳಗಿನ ಬಿಳಿ ಹಲ್ಲು ಕಿರಿಯುತ್ತದೆ. ಮೇಡಂ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು, "ನೋಡಿ, ಕತ್ತಿನಿಂದ ಶುರು ಮಾಡಿ ಕೆಳಗೆ ಇಳಿಯೋದು. ಹೆಗಲಲ್ಲಿ ನಾಲ್ಕು ಗೆರೆ, ಗೆರೆಯ ಆಚೆ ಈಚೆ ಕುಣಿಕೆ ಹೆಚ್ಚಿಸಬೇಕು. ನಲವತ್ತೂ ಒಂದೇ ಥರ ಕಾಣಬೇಕು. ಎತ್ತುಕುಣಿಕೆ ಮಾತ್ರ, ಸುತ್ತುಕುಣಿಕೆ ಬೇಡ. ಯಾರ ಹೆಣಿಗೆಯಲ್ಲಿ ತೂತು ಬರುತ್ತೋ ಅವರು ಕಡ್ಡಿ ಕೆಳಗಿಟ್ಟು ಉಂಡೆ ಸುತ್ತೋ ಮೇಜಿಗೆ ಹೋಗಬೇಕಾಗುತ್ತೆ. ಹೊರಗಡೆ ಇನ್ನೂ ನಾಲ್ಕು ಜನ ಕಾಯ್ತಿದಾರೆ."

ಉಂಡೆ ಸುತ್ತೋ ಮೇಜು ಬಾಗಿಲ ಹತ್ತಿರ ಇದೆ. ನೂಲಿನ ಲಡಿಗಳನ್ನು ಬಿಡಿಸಿ ಉಂಡೆ ಮಾಡುವುದು, ತಪ್ಪಾದ ಸ್ವೆಟರು ಬಿಚ್ಚಿ ದಾರ ವಾಪಸ್ ಸುತ್ತುವುದು. ಬಾಗಿಲು ತೆಗೆದಾಗಲೆಲ್ಲ ಗಾಳಿ. ಹೋದವರು ಯಾರೂ ಅಲ್ಲಿಂದ ಕುರ್ಚಿಗೆ ವಾಪಸ್ ಬಂದಿಲ್ಲ.

ಈ ಎರಡು ಕುಣಿಕೆ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಗೋಳು ಯಾರಿಗೂ ಅರ್ಥ ಆಗುವುದಿಲ್ಲ. ಸುತ್ತುಕುಣಿಕೆ ಅಂದರೆ ದಾರವನ್ನು ಕಡ್ಡಿಯ ಮೇಲೆ ಒಂದು ಸಲ ಸುಮ್ಮನೆ ಸುತ್ತಿಬಿಡುವುದು. ಮುಂದಿನ ಸುತ್ತಿನಲ್ಲಿ ಅದೇ ಒಂದು ಕುಣಿಕೆ ಆಗುತ್ತದೆ. ಸುಲಭ, ಬೇಗ, ಕಣ್ಣು ಮುಚ್ಚಿಕೊಂಡೂ ಹಾಕಬಹುದು. ಆದರೆ ಕೆಳಗೆ ತೂತು ಬೀಳುತ್ತದೆ. ಜಾಲರಿ ಶಾಲಿಗೆ ಆ ತೂತೇ ಅಂದ, ಸ್ವೆಟರಿನ ಹೆಗಲಿಗೆ ಅದೇ ಕುಂದು. ಮುಂದಿನ ಸುತ್ತಿನಲ್ಲಿ ಆ ಕುಣಿಕೆಯನ್ನು ತಿರುಚಿ ಹೆಣೆದರೆ ತೂತು ಬಾಯಿ ಮುಚ್ಚುತ್ತದೆ. ಪೂರ್ತಿ ಅಲ್ಲ, ಮುಕ್ಕಾಲು.

ಎತ್ತುಕುಣಿಕೆ ಹಾಗಲ್ಲ. ಕೆಳಗಿನ ಸಾಲಿನಲ್ಲಿ ಆಗಲೇ ಇರುವ ಕುಣಿಕೆಯ ಒಂದು ಕಾಲನ್ನು, ಅಂದರೆ ಒಂದು ಬದಿಯ ಎಳೆಯನ್ನು ಎತ್ತಿ, ಅದನ್ನೂ ಹೆಣೆದು, ಒಂದಿದ್ದದ್ದನ್ನು ಎರಡು ಮಾಡುವುದು. ತೂತೇ ಇಲ್ಲ. ಹೊಸ ಕುಣಿಕೆ ಬಲಕ್ಕೆ ಒರಗಬೇಕಾದರೆ, ಮುಂದೆ ಹೆಣೆಯಬೇಕಾದ ಕುಣಿಕೆಯ ಕೆಳಗಿನದರ ಬಲಗಾಲು ಎತ್ತಬೇಕು. ಎಡಕ್ಕೆ ಒರಗಬೇಕಾದರೆ, ಈಗಷ್ಟೇ ಹೆಣೆದು ಬಲಗೈ ಕಡ್ಡಿಗೆ ಬಂದ ಕುಣಿಕೆಯಿಂದ ಎರಡು ಮೆಟ್ಟಿಲು ಕೆಳಗಿಳಿದು ಎಡಗಾಲು ಎತ್ತಬೇಕು. ಹೆಗಲಿನ ಗೆರೆಯ ಒಂದು ಪಕ್ಕ ಬಲಕ್ಕೆ, ಇನ್ನೊಂದು ಪಕ್ಕ ಎಡಕ್ಕೆ ಹಾಕಿದರೆ ಎರಡೂ ಜೋಡಿ ಜಡೆಯ ಹಾಗೆ ಒಂದಕ್ಕೊಂದು ಹೊಂದಿ ಇಳಿಯುತ್ತವೆ. ಕೆಳಗಿನ ಸಾಲಿನಿಂದ ದಾರ ಕಸಿಯುತ್ತದಾದ್ದರಿಂದ ಪ್ರತಿ ಸುತ್ತಿಗೂ ಹಾಕಿದರೆ ಬಟ್ಟೆ ಬಿಗಿಯುತ್ತದೆ, ಸುತ್ತು ಬಿಟ್ಟು ಸುತ್ತು ಹಾಕಿದರೆ ಎಲ್ಲಿ ಹೆಚ್ಚಿಸಿದ್ದು ಅಂತ ಹುಡುಕಿದರೂ ಸಿಗಬಾರದು. ಒಂದೇ ತೊಂದರೆ. ಯಾವ ಕಾಲು ಎಲ್ಲಿದೆ ಅಂತ ಕಣ್ಣಿಗೆ ಕಾಣಬೇಕು.

ಮೊದಲ ವಾರ ಹೆಗಲಿನ ಭಾಗಗಳು ಒಂದೊಂದೇ ನನ್ನ ಮೇಜಿಗೆ ಬಂದವು, ಇನ್ನೂ ಕಡ್ಡಿಯ ಮೇಲೇ ಇದ್ದವು. ಏಳನೇ ನಂಬರಿನದನ್ನು ನಾನು ಸುಮ್ಮನೆ ಶಾಸ್ತ್ರಕ್ಕೆ ದೀಪದ ಮುಂದೆ ಹಿಡಿದೆ. ಚಿಕ್ಕಿಯದಲ್ಲವೇ ಅಂತ. ತೂತು! ಒಂದಲ್ಲ ಎರಡಲ್ಲ, ಏಳು. ಕಡಲೆ ಕಾಳು ತೂರುವಷ್ಟು. ಹತ್ತಿರ ತಂದು ನೋಡಿದರೆ ಇನ್ನೊಂದು ಚೆಂದ. ಇಡೀ ಹೆಗಲಲ್ಲಿ ಒಂದೂ ಎತ್ತುಕುಣಿಕೆ ಇಲ್ಲ. ಎಲ್ಲಾ ಸುತ್ತುಕುಣಿಕೆ. ಮಿಕ್ಕವನ್ನು ತಿರುಚಿ ಬಾಯಿ ಮುಚ್ಚಿಸಿದ್ದಾಳೆ, ಏಳನ್ನು ತಿರುಚುವುದು ಮರೆತಿದ್ದಾಳೆ. ತಿರುಚಿದ್ದನ್ನಾದರೂ ಸರಿಯಾಗಿ ಮಾಡಿದ್ದಾಳಾ? ಎಲ್ಲವೂ ಎಡಕ್ಕೇ ಒರಗಿವೆ. ಗೆರೆಯ ಒಂದು ಪಕ್ಕ ನೀಟಾಗಿ ಇಳಿದಿದೆ, ಇನ್ನೊಂದು ಪಕ್ಕ ಮುನಿಸಿಕೊಂಡವರ ಹಾಗೆ ಮುಖ ತಿರುಗಿಸಿ ನಿಂತಿದೆ.

ನನಗೆ ಮೂಗಿನ ತುದಿಯಲ್ಲಿ ಕೋಪ, ಎಲ್ಲರಿಗೂ ಗೊತ್ತು. ಆ ಹೆಗಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಚಹಾದ ಹೊತ್ತಿಗೆ ಅವಳನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದೆ.

"ಏನೇ ಇದು? ಮೂವತ್ತು ವರ್ಷ ಹೆಣೆದು ಕಲಿತಿದ್ದು ಇದೇನಾ? ನಿನ್ನೆ ಮೊನ್ನೆ ಕಡ್ಡಿ ಹಿಡಿದವರೂ ಇಷ್ಟು ಕೆಟ್ಟದಾಗಿ ಹೆಣೆಯಲ್ಲ!"

ಅವಳು ನನ್ನ ಮುಖ ನೋಡಲಿಲ್ಲ. ಪಕ್ಕಕ್ಕೆ, ಗೋಡೆ ಕಡೆ ನೋಡುತ್ತಾ ನಿಂತಳು. ಆರು ತಿಂಗಳಿಂದ ಹೀಗೇ ಮಾಡುತ್ತಿದ್ದಳು. ಮನೆಯಲ್ಲೂ ಏನಾದರೂ ಕೇಳಿದರೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ನನ್ನ ಮೇಲೆ ಏನೋ ಸಿಟ್ಟು ಇಟ್ಟುಕೊಂಡಿದ್ದಾಳೆ ಅಂತ ನಾನೂ ಬಿಗುಮಾನದಲ್ಲೇ ಇದ್ದೆ.

"ಬೇಜಾರಾಯ್ತು ಅಕ್ಕ. ಬೇಗ ಮುಗೀಲಿ ಅಂತ ಸುತ್ತಿಬಿಟ್ಟೆ," ಅಂದಳು.

"ಬೇಜಾರು? ನಿನಗೆ? ಹೆಣೆಯೋಕೆ?"

"ಹೂಂ. ಸೋಮಾರಿತನ ಅಂತಾನೇ ಇಟ್ಕೋ."

ಸೋಮಾರಿತನವಂತೆ! ಜ್ವರ ಬಂದರೂ ಕಡ್ಡಿ ಬಿಡದವಳು. ನಾನು ಆ ಹೆಗಲನ್ನು ಅವಳ ಕೈಗೆ ತುರುಕಿದೆ. "ಬಿಚ್ಚು. ಈಗಲೇ ಹತ್ತು ಸುತ್ತು ಬಿಚ್ಚು, ಕುಣಿಕೆ ಹಿಡಿದು ವಾಪಸ್ ಎತ್ಕೊಂಡು ಬಾ."

ಅವಳ ಹೆಬ್ಬೆರಳು ಒಂದೊಂದು ತೂತಿನ ಮೇಲೂ ಹೋಗಿ ನಿಂತಿತು. ನೋಡದೆಯೇ, ಏಳಕ್ಕೆ ಏಳೂ ಸಿಕ್ಕಿದವು. "ಗೊತ್ತಿತ್ತು ಅಕ್ಕ, ತೂತಿದೆ ಅಂತ. ಬಿಚ್ಚಿದ್ರೆ ಮತ್ತೆ ಹಿಡಿಯೋಕಾಗಲ್ಲ. ತಿಳಿ ಬಣ್ಣ ಆಗಿದ್ರೆ ಹೇಗೋ ಹಿಡೀತಿದ್ದೆ, ಇದು ಕಪ್ಪಲ್ಲಿ ಕಪ್ಪು. ನಿನಗೂ ವಯಸ್ಸಾಯ್ತಲ್ಲ, ನಿನ್ನ ಕಣ್ಣಿಗೆ ಬೀಳದೇ ಇರಬಹುದು ಅಂತ ಆಸೆಪಟ್ಟೆ."

ಆಗ ನನಗೆ ಅರ್ಥ ಆಯಿತು. ಅರ್ಥ ಆಗಿ, ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳು ಗೋಡೆ ನೋಡುತ್ತಿರಲಿಲ್ಲ. ನನ್ನನ್ನು ನೋಡುವುದಕ್ಕೆ ಮುಖ ಪಕ್ಕಕ್ಕೆ ತಿರುಗಿಸಿದ್ದಳು. ನೇರ ನೋಡಿದರೆ ನಡುವೆ ಒಂದು ಮಬ್ಬು ಮಚ್ಚೆ, ಅಂಚಿನಲ್ಲಿ ಮಾತ್ರ ಸ್ವಲ್ಪ ಕಾಣುತ್ತದೆ ಅಂತ ಕೊನೆಗೆ ಬಾಯಿ ಬಿಟ್ಟಳು. ಒಬ್ಬಳೇ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಇದು ಪೊರೆಯಲ್ಲ, ತೆಗೆಯೋಕಾಗಲ್ಲ, ಹೋದದ್ದು ವಾಪಸ್ ಬರಲ್ಲ ಅಂದಿದ್ದರಂತೆ. ನನ್ನ ಜೊತೆ ಬಸ್ಸಿನಲ್ಲಿ ಕೂತುಕೊಂಡು, ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಆರು ತಿಂಗಳು ಬಾಯಿಗೆ ಬೀಗ. ನಾನು ಅದನ್ನು ಜಂಭ ಅಂದುಕೊಂಡೆ. ನನ್ನ ತಲೆಗಿಷ್ಟು ಬೆಂಕಿ ಹಾಕ.

"ಯಾಕೇ ಹೇಳಲಿಲ್ಲ?"

"ಹೇಳಿದ್ರೆ ನೀನು ಸಹಿ ಹಾಕ್ತಿದ್ಯಾ?"

ಹಾಕುತ್ತಿರಲಿಲ್ಲ ಅಂತ ಇಬ್ಬರಿಗೂ ಗೊತ್ತು.

"ಅಕ್ಕ, ಕಡ್ಡಿ ಬಿಟ್ರೆ ನಾನು ಆ ಮನೆಯಲ್ಲಿ ಕೂತು ಏನು ಮಾಡ್ಲಿ? ಗೋಡೆ ಎಣಿಸ್ಲಾ? ಅದೂ ಕಾಣಲ್ಲ," ಅಂತ ನಕ್ಕಳು.

ಆ ಹೆಗಲನ್ನು ಬಿಚ್ಚಿಸಲಿಲ್ಲ. ಅವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೇ ಕೊಕ್ಕೆಕಡ್ಡಿ ಹಿಡಿದು ಕೂತೆ. ತೂತಿನ ನೇರಕ್ಕೆ ಮೇಲಿರುವ ಕುಣಿಕೆಯನ್ನು ಕಡ್ಡಿಯಿಂದ ಜಾರಿಸಿ, ತೂತಿನವರೆಗೂ ಏಣಿಯ ಹಾಗೆ ಇಳಿಸಿ, ಅಲ್ಲಿನ ಸುತ್ತನ್ನು ತಿರುಚಿ, ಒಂದೊಂದೇ ಮೆಟ್ಟಿಲು ಕೊಕ್ಕೆಯಲ್ಲಿ ಮೇಲೆ ಎಳೆದುಕೊಂಡು ಬರುವುದು. ಏಳು ಸಲ. ಕತ್ತು ಸೆಟೆದುಕೊಂಡು, ಕಣ್ಣಲ್ಲಿ ನೀರು ಬಂತು. ತೂತುಗಳು ಮುಚ್ಚಿದವು. ಎಡಕ್ಕೆ ಒರಗಿದ್ದನ್ನು ಮಾತ್ರ ಏನೂ ಮಾಡಲಾಗಲಿಲ್ಲ, ಅರ್ಧಕ್ಕರ್ಧ ಹೆಗಲು ಇಳಿಸಿ ಏರಿಸಬೇಕಿತ್ತು. ಚೀಟಿಯ ಮೇಲೆ 'ತೂತಿಲ್ಲ' ಅಂತ ಬರೆದು ಸಹಿ ಹಾಕಿದೆ. ತೂತಿರಲಿಲ್ಲ, ಅದೇನು ಸುಳ್ಳಲ್ಲ. ಹಾಗಂತ ನನಗೆ ನಾನೇ ನಾಲ್ಕು ಸಲ ಹೇಳಿಕೊಂಡೆ.

ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಕೂತೆವು. ನಮ್ಮ ಯಜಮಾನರು ಬಂದು ನೋಡಿ, "ಜಗಳ ಇಲ್ವಾ ಇವತ್ತು? ಮೈ ಹುಷಾರಿದೆ ತಾನೆ ಇಬ್ಬರಿಗೂ?" ಅಂತ ಕೇಳಿ ಹೋದರು. ಮೊದಲು ಎತ್ತುಕುಣಿಕೆಯನ್ನೇ ಬೆರಳಲ್ಲಿ ಹಿಡಿಯೋಕಾಗುತ್ತಾ ನೋಡೋಣ ಅಂದೆ. ದಪ್ಪ ದಾರದಲ್ಲಿ, ಸಡಿಲ ಹೆಣಿಗೆಯಲ್ಲಿ ಅವಳಿಗೆ ಸಿಕ್ಕಿತು. ಆರ್ಡರಿನ ತೆಳು ಕಪ್ಪು ದಾರಕ್ಕೆ ಬಂದರೆ ಇಲ್ಲ. ನಾನೂ ಕಣ್ಣು ಮುಚ್ಚಿಕೊಂಡು ಪ್ರಯತ್ನ ಮಾಡಿದೆ. ಕಾಲು ಎಲ್ಲಿ, ಎರಡು ಕುಣಿಕೆ ನಡುವಿನ ಅಡ್ಡ ಎಳೆ ಎಲ್ಲಿ, ಒಂದೂ ತಿಳಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ ದಾರವನ್ನೇ ಸೀಳಿ ಹಾಕಿದ್ದೆ. ನನಗೆ ಕಣ್ಣು ಬಿಡುವ ಭಾಗ್ಯ ಆದರೂ ಇತ್ತು.

"ಸುತ್ತುಕುಣಿಕೇನೇ ಇರಲಿ. ಆದರೆ ಒರಗೋದನ್ನ ಸರಿ ಮಾಡೋಣ," ಅಂದೆ. ಅದಕ್ಕೊಂದು ದಾರಿ ಇದೆ. ದಾರವನ್ನು ಮುಂದಿನಿಂದ ಕಡ್ಡಿಯ ಮೇಲೆ ಹಾಯಿಸಿ ಹಿಂದಕ್ಕೆ ಹಾಕಿ, ಮುಂದಿನ ಸುತ್ತಿನಲ್ಲಿ ಹಿಂಬದಿಯಿಂದ ಕಡ್ಡಿ ತೂರಿಸಿ ಹೆಣೆದರೆ ಅದು ಎಡಕ್ಕೆ ಒರಗುತ್ತದೆ. ದಾರವನ್ನು ಉಲ್ಟಾ, ಹಿಂದಿನಿಂದ ಮುಂದಕ್ಕೆ ಸುತ್ತಿ, ಆಮೇಲೆ ಮುಂಬದಿಯಿಂದಲೇ ಹೆಣೆದರೆ ಬಲಕ್ಕೆ ಒರಗುತ್ತದೆ. ಸುತ್ತು ಕಡ್ಡಿಯ ಮೇಲೆ ಬಿಡಿಯಾಗಿ ಕೂತಿರುತ್ತದೆ, ಬೆರಳಿಗೆ ಸಿಗುತ್ತದೆ. ಗೆರೆ ಎಲ್ಲಿ ಅನ್ನುವುದಕ್ಕೆ ಕಡ್ಡಿಯ ಮೇಲೆ ಗುರುತಿನ ಉಂಗುರ ಹಾಕಿದೆವು. ಉಂಗುರ ಮುಟ್ಟುವ ಮೊದಲು ಉಲ್ಟಾ, ದಾಟಿದ ಮೇಲೆ ಸೀದಾ. ಮರುಸುತ್ತಿನಲ್ಲಿ ಗೆರೆಗೆ ಎರಡರ ಹಾಗೆ ಎಣಿಸಿಕೊಂಡು ಎಂಟೂ ತಿರುಚುವುದು. ಅವಳು ಸಂಜೆಯೊಳಗೆ ಕಲಿತಳು. ನಾನು ಮಾದರಿಗೆ ಒಂದು ತುಂಡು ಎತ್ತುಕುಣಿಕೆಯಲ್ಲಿ ಹೆಣೆದು ಅವಳ ತುಂಡಿನ ಪಕ್ಕ ಇಟ್ಟೆ. ಒರಗುವುದು ಹೊಂದಿತು. ತೂತು ಇರಲಿಲ್ಲ. ಆದರೆ ನೀಟು? ಎತ್ತಿದ್ದು ಬಟ್ಟೆಯೊಳಗೆ ಕರಗಿತ್ತು. ಸುತ್ತಿ ತಿರುಚಿದ್ದು ಪ್ರತಿ ಕುಣಿಕೆಯ ಬುಡದಲ್ಲೂ ಸೂಜಿ ಮೊನೆಯಷ್ಟು ಸಡಿಲ. ನನ್ನ ಹಾಗೆ ಹುಡುಕುವವರಿಗೆ ಮಾತ್ರ ಕಾಣುವಷ್ಟು.

"ಹೇಗಿದೆ ಅಕ್ಕ?"

"ಚೆನ್ನಾಗಿದೆ," ಅಂದೆ. ಮೂವತ್ತೊಂದು ವರ್ಷದಲ್ಲಿ ಅವಳ ಹೆಣಿಗೆಯನ್ನು ಅವಳ ಎದುರಿಗೆ ಹೊಗಳಿದ್ದು ಅದೇ ಮೊದಲು. ಅವಳಿಗೆ ಅನುಮಾನ ಬಂದಿರಬೇಕು, ಸುಮ್ಮನೆ ತುಂಡನ್ನು ಸವರುತ್ತಾ ಕೂತಳು.

ಎರಡು ವಾರ ಹಾಗೇ ನಡೆಯಿತು. ಬೆಳಗ್ಗೆ ಬಸ್ಸು, ಕಪ್ಪು ಉಲ್ಲನ್ನು, ಸಂಜೆ ಬಸ್ಸು. ಅವಳ ಎರಡನೇ ಸ್ವೆಟರಿನ ಹೆಗಲು ಮೊದಲನೆಯದಕ್ಕಿಂತ ಎಷ್ಟೋ ಚೆನ್ನಾಗಿ ಬಂತು. ಸಹಿ ಹಾಕಿದೆ. ಬೇರೆಯವರ ಹೆಗಲಲ್ಲಿ ಸಣ್ಣ ತಪ್ಪು ಕಂಡರೂ ಬಿಚ್ಚು ಅನ್ನಲು ಬಾಯಿ ಬರುತ್ತಿರಲಿಲ್ಲ. ಮೂರನೇ ನಂಬರಿನವಳು ಒಂದು ದಿನ, "ದೊಡ್ಡಮ್ಮ ಈ ನಡುವೆ ಮೆತ್ತಗಾಗಿದಾರೆ, ಏನೋ ವಿಶೇಷ," ಅಂತ ಕಿಚಾಯಿಸಿದಳು. ನಾನು ನಗಲಿಲ್ಲ. ಸಾಕಾಗಿತ್ತು ನನಗೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದಕ್ಕಿಂತ, ನೋಡಿಯೂ ನೋಡದ ಹಾಗೆ ಇರುವುದು ಜಾಸ್ತಿ ಸುಸ್ತು ಅಂತ ಆಗ ಗೊತ್ತಾಯಿತು.

ಒಂದು ಬುಧವಾರ ಮೇಡಂ ಎರಡು ಗೊಂಬೆ ತರಿಸಿದರು. ಬಟ್ಟೆ ಅಂಗಡಿಯಲ್ಲಿ ಇಡುತ್ತಾರಲ್ಲ, ತಲೆಯಿಲ್ಲದವು. ಬಿಳಿ ಅಂಗಿ ತೊಡಿಸಿ, ಒಂದಕ್ಕೆ ಮೂರನೇ ನಂಬರಿನ ಸ್ವೆಟರು, ಇನ್ನೊಂದಕ್ಕೆ ಏಳನೇ ನಂಬರಿನ ಮೊದಲನೆಯದು ಹಾಕಿ, ಎದುರಿಗೆ ದೊಡ್ಡ ದೀಪ ಹಚ್ಚಿದರು. ತಂಡದವರಿಗೆ ಫೋಟೋ ಕಳಿಸಬೇಕಿತ್ತಂತೆ. ಮೇಡಂ ದೂರ ನಿಂತು ನೋಡಿದರು, ತಲೆ ಓರೆ ಮಾಡಿದರು.

"ದೊಡ್ಡಮ್ಮ, ಇದು ಯಾಕೋ ಬೇರೆ ಕಾಣುತ್ತಲ್ಲ?"

ಬೇರೆ ಕಾಣುತ್ತಿತ್ತು. ಮೂರನೆಯದರ ಹೆಗಲು ಒಂದೇ ಕಪ್ಪು. ಏಳನೆಯದರ ಗೆರೆಯ ಒಂದು ಪಕ್ಕ ಅಂಕುಡೊಂಕು, ಎರಡೂ ಪಕ್ಕ ಉದ್ದಕ್ಕೂ ಬಿಳಿಯ ಚುಕ್ಕಿಗಳು. ನನಗೆ ಮಾತ್ರ ಕಾಣುತ್ತದೆ ಅಂದುಕೊಂಡಿದ್ದೆ. ಆ ದೀಪಕ್ಕೆ ಎಲ್ಲರಿಗೂ ಕಂಡಿತು.

"ಇದರ ಮೇಲೆ ನಿಮ್ಮ ಸಹಿ ಇದೆ," ಅಂದರು ಮೇಡಂ, ಚೀಟಿ ತಿರುಗಿಸಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ತೂತಿರಲಿಲ್ಲ ಮೇಡಂ," ಅಂದೆ.

"ಎತ್ತುಕುಣಿಕೇನೇನಾ ಇದು?"

ಕೋಣೆಯಲ್ಲಿ ಎಂಟು ಜೋಡಿ ಕಡ್ಡಿ ನಿಂತವು. ನಾನು ಬಾಯಿ ತೆಗೆಯುವ ಮೊದಲೇ ಚಿಕ್ಕಿ, "ಸ್ವಲ್ಪ ಸಡಿಲ ಬಂದಿದೆ ಮೇಡಂ, ಮುಂದೆ ಬಿಗಿ ಮಾಡ್ತೀನಿ," ಅಂದಳು. ಮೇಡಂ ಕೆಟ್ಟವರಲ್ಲ. ಆದರೆ ಆರ್ಡರು ಅವರ ತಲೆ ಮೇಲಿತ್ತು. "ಇಲ್ಲಿ ಬನ್ನಿ ಚಿಕ್ಕಮ್ಮ," ಅಂತ ನನ್ನ ಮೇಜಿನ ಹತ್ತಿರವೇ ಕರೆದು ಕೂರಿಸಿದರು. ಕಪ್ಪು ದಾರದಲ್ಲಿ ಒಂದಷ್ಟು ಸಾಲು ಹೆಣೆದ ತುಂಡು ಕಡ್ಡಿಯ ಮೇಲಿತ್ತು, ಅದನ್ನು ಅವಳ ಕೈಗೆ ಕೊಟ್ಟರು. "ಒಂದು ಬಲಕ್ಕೆ, ಒಂದು ಎಡಕ್ಕೆ ಎತ್ತಿ ತೋರಿಸಿ. ಸರಿಯಾಗಿದ್ರೆ ಈ ಸ್ವೆಟರು ಸಡಿಲ ಅಂತ ಒಪ್ಕೋತೀನಿ, ನಿಮ್ಮ ಕುರ್ಚಿ ನಿಮಗೆ. ದೊಡ್ಡಮ್ಮ ನೋಡಿ ಹೇಳ್ತಾರೆ."

ದೊಡ್ಡಮ್ಮ ನೋಡಿ ಹೇಳ್ತಾರೆ! ಆಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಚಿಕ್ಕಿ ಕಡ್ಡಿ ಹಿಡಿದಳು. ತುಂಡನ್ನು ನೇರ ನೋಡಲಿಲ್ಲ, ಕಿಟಕಿ ಕಡೆ ಮುಖ ಮಾಡಿ ಓರೆಯಲ್ಲಿ ನೋಡಿದಳು. ಐದು ಕುಣಿಕೆ ಹೆಣೆದಳು. ಕಡ್ಡಿಯ ಮೊನೆ ಕೆಳಗಿನ ಸಾಲಿನಲ್ಲಿ ತಡಕಾಡಿತು. ಒಂದು ಕಾಲು ಸಿಕ್ಕಿತು, ಎತ್ತಿದಳು, ಹೆಣೆದಳು. ನಾನು ಉಸಿರು ಬಿಟ್ಟೆ. ಸರಿಯಾದ ಕಾಲೇ, ಬಲಕ್ಕೇ ಒರಗಿತ್ತು. ಅದೃಷ್ಟವೋ, ಬೆರಳೋ, ಯಾರಿಗೆ ಗೊತ್ತು.

ಆಮೇಲೆ ಎಡದ್ದು. ಎರಡು ಕುಣಿಕೆ ಹೆಣೆದು, ಬಲಗೈ ಕಡ್ಡಿಗೆ ಬಂದ ಕುಣಿಕೆಯಿಂದ ಎರಡು ಮೆಟ್ಟಿಲು ಇಳಿಯಬೇಕು. ಎಡಗೈ ಕಡ್ಡಿಯ ಮೊನೆ ಇಳಿಯಿತು, ಜಾರಿತು, ಮತ್ತೆ ಇಳಿಯಿತು. ಇನ್ನೂ ಸ್ವಲ್ಪ ಬಲಕ್ಕೆ ಹೋಗೇ, ಸ್ವಲ್ಪ ಬಲಕ್ಕೆ, ಅಂತ ನಾನು ಒಳಗೊಳಗೇ ಹಲ್ಲು ಕಚ್ಚಿಕೊಂಡೆ. ಮೊನೆಗೆ ಒಂದು ಎಳೆ ಸಿಕ್ಕಿತು. ಕಾಲಲ್ಲ. ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆ. ಅದನ್ನೇ ಎತ್ತಿ, ತಿರುಚದೆ, ಹಾಗೇ ಹೆಣೆದುಬಿಟ್ಟಳು. ಬುಡದಲ್ಲಿ ತೂತು ಬಾಯಿ ತೆರೆಯಿತು. ಸಾಲಿನ ಕೊನೆಯವರೆಗೂ ಹೆಣೆದು ತುಂಡನ್ನು ನನ್ನ ಕೈಗೆ ಕೊಟ್ಟಳು.

ಮೇಡಂ ಬಗ್ಗಿ ನೋಡಿದರು. ಹೊಸದಾಗಿ ಹೆಣೆದದ್ದು, ಕಡ್ಡಿಯ ಪಕ್ಕದಲ್ಲೇ ಇದೆ, ಕಪ್ಪು ಬೇರೆ. ಅವರಿಗೆ ತಿಳಿಯಲಿಲ್ಲ. "ಹೇಗಿದೆ ದೊಡ್ಡಮ್ಮ?"

ನಾನು ತುಂಡನ್ನು ದೀಪಕ್ಕೆ ಹಿಡಿಯಲಿಲ್ಲ. ಹೆಬ್ಬೆರಳನ್ನು ತೂತಿನ ಮೇಲೆ ಇಟ್ಟು ಮುಚ್ಚಿಕೊಂಡೆ. ಇಪ್ಪತ್ತೆರಡು ವರ್ಷ ಅದೇ ಬೆರಳಿಂದ ಎಷ್ಟು ಜನರ ಕೆಲಸ ಬಿಚ್ಚಿಸಿದ್ದೆ.

"ಸರಿಯಾಗಿದೆ. ಎರಡೂ ಎತ್ತುಕುಣಿಕೆ. ತೂತಿಲ್ಲ, ಒರಗಿದ್ದೂ ಸರಿ," ಅಂದೆ. ದನಿ ನನ್ನದೇ ಅಂತ ನನಗೇ ನಂಬಿಕೆ ಬರಲಿಲ್ಲ.

ಮೇಡಂ ಮುಖ ಸಡಿಲವಾಯಿತು. "ಸರಿ ಹಾಗಾದ್ರೆ..." ಅಂದರು.

"ಕೊಡು ಅಕ್ಕ ಇಲ್ಲಿ," ಅಂದಳು ಚಿಕ್ಕಿ.

ಕೊಡಬಾರದಿತ್ತು. ಕೈ ಮುಂದೆ ಚಾಚಿದ್ದಳು, ಕೊಟ್ಟೆ. ಅವಳು ಬೆರಳನ್ನು ಕಡ್ಡಿಯ ಕೆಳಗೆ ನಿಧಾನವಾಗಿ ಎಳೆದಳು. ಮೊದಲನೆಯದನ್ನು ದಾಟಿತು. ಎರಡನೆಯದರ ಬುಡದಲ್ಲಿ ನಿಂತಿತು. ಕಿರುಬೆರಳಿನ ಉಗುರು ತೂತಿನೊಳಗೆ ಇಳಿಯಿತು.

"ಇಲ್ಲ ಮೇಡಂ. ತೂತಿದೆ. ಅಡ್ಡ ಎಳೆ ಎತ್ತಿದೀನಿ."

"ಚಿಕ್ಕಿ, ಸುಮ್ನಿರೇ," ಅಂದೆ.

"ನೀನು ಸುಮ್ನಿರು ಅಕ್ಕ." ಅವಳು ಮೇಡಂ ಕಡೆ ತಿರುಗಲಿಲ್ಲ, ನನ್ನ ಕಡೆಯೇ ತಿರುಗಿ ಹೇಳಿದಳು. "ಈ ಕೋಣೆಯಲ್ಲಿ ನಿನ್ನ ಮಾತಿಗೆ ಒಂದು ಬೆಲೆ ಇದೆ. ಅದನ್ನ ತಂದು ನನ್ನ ಹೆಣಿಗೆಯ ತೂತಿಗೆ ತುಂಬಬೇಡ." ಆಮೇಲೆ ಮೇಡಂಗೆ ಹೇಳಿದಳು, "ನನಗೆ ಕಣ್ಣು ಕಾಣಲ್ಲ ಮೇಡಂ. ಆರು ತಿಂಗಳಾಯ್ತು. ಅಕ್ಕಂಗೆ ಮೊನ್ನೆ ಮೊನ್ನೆ ಗೊತ್ತಾಗಿದ್ದು. ತಪ್ಪು ನಂದು."

"ಮೊದಲೇ ಹೇಳಬಾರದಿತ್ತಾ ಚಿಕ್ಕಮ್ಮ," ಅಂದರು ಮೇಡಂ. ದೀಪ ಆರಿಸಿದರು. ಏಳನೇ ನಂಬರಿನ ಸ್ವೆಟರನ್ನು ಗೊಂಬೆಯ ಮೈಯಿಂದ ಅವರೇ ತೆಗೆದು ನನ್ನ ಮೇಜಿನ ಮೇಲೆ ಇಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ನನ್ನನ್ನು ಕೆಲಸ ಬಿಡು ಅನ್ನಲಿಲ್ಲ. ಅವಳನ್ನೂ ಅನ್ನಲಿಲ್ಲ. ಹೋಗಬೇಕಾದ ಜಾಗ ಯಾವುದು ಅಂತ ಅವಳಿಗೆ ಗೊತ್ತಿತ್ತು.

ಚಿಕ್ಕಿ ತನ್ನ ಕಡ್ಡಿಗಳನ್ನು ಮೇಜಿನ ಮೇಲೆ ಒಟ್ಟಿಗೆ ಇಟ್ಟಳು. ಮೇಜಿನ ಅಂಚು ಹಿಡಿದುಕೊಂಡು ಬಾಗಿಲ ಹತ್ತಿರ ಹೋದಳು. ಅಲ್ಲಿನ ಸ್ಟೂಲು ಕಾಲಿಗೆ ತಗುಲಿಸಿಕೊಂಡು, ಹುಡುಕಿ ಕೂತಳು. "ತಗೊಂಡು ಬಾ ಅಕ್ಕ, ಬಿಚ್ಚೋಣ," ಅಂದಳು.

ಬೇರೆ ಯಾರಾದರೂ ಮಾಡಲಿ ಅನ್ನಬಹುದಿತ್ತು. ಸ್ವೆಟರು ತೆಗೆದುಕೊಂಡು ಹೋಗಿ ಅವಳೆದುರು ಕೂತೆ. ಕೆಳಗಿನ ಅಂಚಿನ ಗಂಟು ಕತ್ತರಿಸಿ ದಾರದ ತುದಿ ಅವಳ ಕೈಗೆ ಕೊಟ್ಟೆ. ನಾನು ಎಳೆದ ಹಾಗೆ ಅವಳು ಸುತ್ತುತ್ತಾ ಹೋದಳು. ಅಂಚು ಹೋಯಿತು, ಹೊಟ್ಟೆಯ ಭಾಗ ಹೋಯಿತು. ಬಾಗಿಲು ಯಾರೋ ತೆಗೆದರು, ಗಾಳಿ ಬಂತು, ಶಾಲು ಎಳೆದುಕೊಂಡಳು. ತೋಳುಗಳನ್ನು ಬೇರೆ ಬೇರೆ ಬಿಚ್ಚಿ, ಆಮೇಲೆ ಹೆಗಲಿಗೆ ಬಂದೆವು. ಅಲ್ಲಿ ದಾರ ಸಲೀಸಾಗಿ ಬಂತು. ಎತ್ತುಕುಣಿಕೆ ಆಗಿದ್ದರೆ ಅಲ್ಲಲ್ಲಿ ಸಿಕ್ಕಿಕೊಂಡು ಜಗ್ಗಬೇಕಾಗುತ್ತಿತ್ತು. ಅವಳ ಸುತ್ತುಗಳು ಮಾತ್ರ ಒಂದೊಂದೇ ಸುಮ್ಮನೆ ಬಿಚ್ಚಿಕೊಂಡು ಹೋದವು. ನಾನು ಊಟ ಬಿಟ್ಟು ಕೊಕ್ಕೆಯಲ್ಲಿ ಮುಚ್ಚಿದ್ದ ಏಳು ಎಲ್ಲಿ ಹೋದವೋ ನನಗೂ ಗೊತ್ತಾಗಲಿಲ್ಲ.

ಕತ್ತಿನವರೆಗೂ ಬಂದಾಗ ನನಗೆ ತಡೆಯಲಾಗಲಿಲ್ಲ. ದನಿ ಬರದ ಹಾಗೆ ತುಟಿ ಕಚ್ಚಿಕೊಂಡೆ. ಕಣ್ಣೀರು ಗಲ್ಲದಿಂದ ಇಳಿದು ಕೈ ಮೇಲೆ ಬಿತ್ತು, ದಾರದ ಮೇಲೆ ಬಿತ್ತು. ಎಳೆಯುವುದು ನಿಂತದ್ದು ಅವಳಿಗೆ ತಿಳಿಯಿತು.

ಅವಳು ಉಂಡೆ ಹಿಡಿದುಕೊಂಡು ಮುಖ ಎತ್ತಿದಳು. ಆರು ತಿಂಗಳಲ್ಲಿ ಮೊದಲ ಸಲ ಮುಖ ಪಕ್ಕಕ್ಕೆ ತಿರುಗಿಸದೆ, ಆ ಮಬ್ಬು ಮಚ್ಚೆಯ ಮೂಲಕವೇ ನೇರ ನನ್ನನ್ನು ನೋಡಿದಳು.

"ಅಳ್ತಿದೀಯಾ ಅಕ್ಕ?"

"ಇಲ್ಲ ಕಣೇ," ಅಂದೆ.

"ಸರಿ, ಎಳಿ ಹಾಗಾದ್ರೆ," ಅಂದಳು.